ತರಗತಿಯಲ್ಲಿ ಮಗುವಿಗೆ ಫಿಟ್ಸ್ ಬಂದರೆ: ಶಿಕ್ಷಕರ ಬಳಿ ಇರಬೇಕಾದ ಒಂದು ಪುಟ

ಅಪಸ್ಮಾರವಿರುವ ಮಗು ಶಾಲೆಗೆ ಸೇರಿದಾಗ ತಂದೆತಾಯಿ, ವೈದ್ಯರು ಮತ್ತು ಮುಖ್ಯಶಿಕ್ಷಕರು ಸೇರಿ ಒಂದು ಪುಟದ ಸೂಚನೆ ಸಿದ್ಧಪಡಿಸಿಡಬೇಕು. ಅದು ರೋಗದ ವಿವರಣೆಯಲ್ಲ, ಆ ಒಂದು ಮಗುವಿನ ವಿವರ. ಫಿಟ್ಸ್ ಬಂದಾಗ ಮಗು ಹೇಗೆ ಕಾಣುತ್ತದೆ, ಸಾಮಾನ್ಯವಾಗಿ ಎಷ್ಟು ಹೊತ್ತು ಇರುತ್ತದೆ, ನಿಂತ ಮೇಲೆ ಎಷ್ಟು ಹೊತ್ತು ಮಲಗುತ್ತದೆ, ದಿನವೂ ಯಾವ ಔಷಧಿ ತೆಗೆದುಕೊಳ್ಳುತ್ತದೆ, ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಅದರಲ್ಲಿರಬೇಕು. ಇದನ್ನು ತರಗತಿಯ ಗೋಡೆಗೆ ಅಂಟಿಸುವುದು ಸರಿಯಲ್ಲ, ಮಗುವಿನ ಕಾಯಿಲೆ ಎಲ್ಲರೂ ಓದಬೇಕಾದ ಸಂಗತಿಯಲ್ಲ. ಹಾಜರಿ ಪುಸ್ತಕದೊಳಗೆ ಒಂದು ಪ್ರತಿ, ಮುಖ್ಯಶಿಕ್ಷಕರ ಬಳಿ ಒಂದು ಪ್ರತಿ ಇದ್ದರೆ ಸಾಕು. ಆದರೆ ಆಟದ ಮೇಷ್ಟ್ರಿಗೂ ಬಿಸಿಯೂಟದ ಅಡುಗೆಯವರಿಗೂ ವಿಷಯ ತಿಳಿದಿರಬೇಕು. ಫಿಟ್ಸ್ ಪಾಠದ ಹೊತ್ತಿಗೇ ಬರುತ್ತದೆಂದು ಹೇಳಲಾಗದು.

ಎಲ್ಲರೂ ಹೆದರುವುದು ಮೈಯೆಲ್ಲ ಅದುರುವ ಬಗೆಯ ಫಿಟ್ಸ್‌ಗೆ. ಮಿದುಳಿನ ನರಕೋಶಗಳು ಅಂಕೆಮೀರಿ ಒಟ್ಟಿಗೇ ವಿದ್ಯುತ್ ಸಂಕೇತ ಹೊರಡಿಸಿದಾಗ ಪ್ರಜ್ಞೆ ತಪ್ಪುತ್ತದೆ, ಸ್ನಾಯುಗಳೆಲ್ಲ ಒಮ್ಮೆಲೇ ಬಿಗಿಯುತ್ತವೆ. ಎದೆಯಲ್ಲಿದ್ದ ಗಾಳಿ ರಭಸದಿಂದ ಹೊರಬರುವುದರಿಂದ ಮಗು ಚೀರಿದಂತೆ ಕೇಳಬಹುದು, ಆದರೆ ಅದು ನೋವಿನ ಕೂಗಲ್ಲ. ಮಗು ಸೆಟೆದುಕೊಂಡು ಬೀಳುತ್ತದೆ, ಆಮೇಲೆ ಕೈಕಾಲು ಒಂದೇ ಲಯದಲ್ಲಿ ಅದುರುತ್ತವೆ. ಎದೆಯ ಸ್ನಾಯುಗಳೂ ಬಿಗಿದಿರುವುದರಿಂದ ಆ ಹೊತ್ತಿನಲ್ಲಿ ತುಟಿ ನೀಲಿಗಟ್ಟಬಹುದು. ಬಾಯಲ್ಲಿ ನೊರೆ ಬರುವುದು, ಬಟ್ಟೆಯಲ್ಲೇ ಮೂತ್ರವಾಗುವುದು ಕೂಡ ಇದರ ಭಾಗವೇ. ಹೆಚ್ಚಿನ ಸಲ ಇದು ಒಂದರಿಂದ ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ.

ನಾಲ್ಕನೇ ತರಗತಿಯ ಒಬ್ಬ ಹುಡುಗಿಯನ್ನು ಉದಾಹರಣೆಯಾಗಿ ನೋಡಬಹುದು. ಬೆಳಿಗ್ಗೆ 11:10ಕ್ಕೆ ಅವಳು ಬೆಂಚಿನಿಂದ ಜಾರಿ ಬೀಳುತ್ತಾಳೆ. ಶಿಕ್ಷಕಿ ಮೊದಲು ಗಡಿಯಾರ ನೋಡಿ ಸಮಯವನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆಯುತ್ತಾರೆ. ಗಾಬರಿಯಲ್ಲಿ ಒಂದು ನಿಮಿಷವೂ ಹತ್ತು ನಿಮಿಷದಂತೆ ಅನ್ನಿಸುವುದರಿಂದ ಅಂದಾಜನ್ನು ನಂಬುವಂತಿಲ್ಲ. ಬೆಂಚು, ಚೀಲ, ಜ್ಯಾಮಿಟ್ರಿ ಬಾಕ್ಸು ದೂರ ಸರಿಯುತ್ತವೆ. ತಲೆಯ ಕೆಳಗೆ ಮಡಚಿದ ಸ್ವೆಟರು ಬರುತ್ತದೆ, ಕನ್ನಡಕ ತೆಗೆದು ಕೊರಳಿನ ಟೈ ಸಡಿಲಿಸಲಾಗುತ್ತದೆ. ಅದುರುವ ಕೈಕಾಲುಗಳನ್ನು ಯಾರೂ ಅದುಮಿ ಹಿಡಿಯುವುದಿಲ್ಲ. ಹಿಡಿದರೆ ಫಿಟ್ಸ್ ನಿಲ್ಲದು, ಭುಜದ ಕೀಲು ತಪ್ಪಬಹುದು ಅಥವಾ ಮೂಳೆ ಮುರಿಯಬಹುದು. ಇನ್ನೊಬ್ಬ ಶಿಕ್ಷಕರು ಉಳಿದ ಮಕ್ಕಳನ್ನು ಹೊರಗೆ ಕರೆದೊಯ್ಯುತ್ತಾರೆ. 11:12ಕ್ಕೆ ಅದುರುವುದು ನಿಲ್ಲುತ್ತದೆ. ಕೂಡಲೇ ಹುಡುಗಿಯನ್ನು ಮಗ್ಗುಲಾಗಿ ತಿರುಗಿಸಿ, ಮೇಲಿನ ಮಂಡಿ ಮಡಚಿ, ಬಾಯಿ ತುಸು ಕೆಳಮುಖವಾಗುವಂತೆ ಮಲಗಿಸುತ್ತಾರೆ. ಪ್ರಥಮ ಚಿಕಿತ್ಸೆಯಲ್ಲಿ ಬಹಳ ಮುಖ್ಯವಾದ ಕೆಲಸ ಇದೇ: ಜೊಲ್ಲು, ವಾಂತಿ ಹೊರಗೆ ಹರಿದುಹೋಗುತ್ತದೆ, ಉಸಿರಿನ ದಾರಿ ತೆರೆದಿರುತ್ತದೆ. ಬಲವಂತವಿಲ್ಲದೆ ಸಾಧ್ಯವಾದರೆ ಅದುರುತ್ತಿರುವಾಗಲೇ ಮಗ್ಗುಲಾಗಿಸಬಹುದು. ಗೊರಕೆಯಂಥ ಉಸಿರು ಶುರುವಾಗಿ ತುಟಿಯ ಬಣ್ಣ ಮರಳುತ್ತದೆ. ಒದ್ದೆಯಾದ ಬಟ್ಟೆಯ ಮೇಲೆ ಒಂದು ಶಾಲು ಹೊದಿಸಲಾಗುತ್ತದೆ. ಕಣ್ಣು ಬಿಟ್ಟ ಹುಡುಗಿಗೆ ತಾನೆಲ್ಲಿದ್ದೇನೆಂದು ತಕ್ಷಣ ತಿಳಿಯದು. ಶಿಕ್ಷಕಿ ಮೆಲುದನಿಯಲ್ಲಿ ಅವಳ ಹೆಸರು ಹಿಡಿದು ಮಾತನಾಡಿಸುತ್ತ ಪಕ್ಕದಲ್ಲೇ ಕೂರುತ್ತಾರೆ. ಪೂರ್ತಿ ಎಚ್ಚರವಾಗುವವರೆಗೆ ನೀರನ್ನೂ ಕೊಡುವುದಿಲ್ಲ. ಎಂದಿನಂತೆಯೇ ಬಂದು ಎಂದಿನಂತೆಯೇ ನಿಂತ ಈ ಫಿಟ್ಸ್‌ಗೆ ಆಂಬುಲೆನ್ಸ್ ಬೇಕಿಲ್ಲ, ತಾಯಿಗೆ ಫೋನ್ ಮಾಡಿದರೆ ಸಾಕು.

ಇಂಥ ಹೊತ್ತಿನಲ್ಲಿ ಯಾರಾದರೊಬ್ಬರು ಕೈಗೆ ಕಬ್ಬಿಣ ಕೊಡಲು ಬೀಗದ ಕೈ ಹುಡುಕುತ್ತಾರೆ, ಇನ್ನೊಬ್ಬರು ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ. ಬೀಗದ ಕೈ ಸಿಗುವಷ್ಟರಲ್ಲಿ ಎರಡು ನಿಮಿಷ ಕಳೆದು ಫಿಟ್ಸ್ ತಾನಾಗಿ ನಿಂತಿರುತ್ತದೆ, ಹೆಸರು ಮಾತ್ರ ಕಬ್ಬಿಣಕ್ಕೆ ಬರುತ್ತದೆ. ಈ ನಂಬಿಕೆ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಇದೊಂದು ಕಾರಣವಿರಬೇಕು. ಹೆಚ್ಚಿನ ಅಪಾಯ ಬಾಯಿಗೆ ಚಮಚ, ಬಟ್ಟೆ ಅಥವಾ ಬೆರಳು ತುರುಕುವುದರಲ್ಲಿದೆ. ನಾಲಿಗೆಯನ್ನು ನುಂಗಲು ಆಗುವುದೇ ಇಲ್ಲ. ಅಂಚು ಕಚ್ಚಿದರೂ ಆ ಗಾಯ ಮಾಯುತ್ತದೆ. ಮುರಿದ ಹಲ್ಲು ಗಂಟಲಿಗೆ ಇಳಿದರೆ ಮಾತ್ರ ಉಸಿರಿಗೇ ಕುತ್ತು.

ಐದು ನಿಮಿಷದ ಗಡಿಗೆ ಕಾರಣವಿದೆ. ಅಷ್ಟು ಹೊತ್ತಾದರೂ ನಿಲ್ಲದ ಫಿಟ್ಸ್ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತ ಹೋಗುತ್ತದೆ. ಅರ್ಧ ಗಂಟೆ ದಾಟಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಅಂತರರಾಷ್ಟ್ರೀಯ ಅಪಸ್ಮಾರ ತಜ್ಞರ ಸಂಘ 2015ರಲ್ಲಿ ಈ ಎರಡು ಗಡಿಗಳನ್ನು ಗುರುತಿಸಿತು. ಹಾಗಾಗಿ ಮೈ ಅದುರುವ ಫಿಟ್ಸ್ ಐದು ನಿಮಿಷ ಮುಟ್ಟಿದರೆ 108ಕ್ಕೆ ಕರೆ ಮಾಡಲೇಬೇಕು. ಆಂಬುಲೆನ್ಸ್ ಬರಲು ಬಹಳ ಹೊತ್ತು ಹಿಡಿಯುವ ಊರಾದರೆ, ಇನ್ನೂ ಮೊದಲೇ ಕರೆಯಬೇಕೆ ಎಂಬುದನ್ನು ವೈದ್ಯರಿಂದ ಸೂಚನೆಯಲ್ಲೇ ಬರೆಸಿಕೊಳ್ಳಬೇಕು.

ಗಡಿಯಾರ ನೋಡುತ್ತ ಕಾಯದೆ ಕರೆಯಬೇಕಾದ ಸಂದರ್ಭಗಳೂ ಇವೆ. ಎಚ್ಚರವಾಗುವ ಮೊದಲೇ ಮತ್ತೊಂದು ಫಿಟ್ಸ್ ಬಂದರೆ, ಅದುರುವುದು ನಿಂತ ಮೇಲೂ ಉಸಿರು ಸರಿಹೋಗದಿದ್ದರೆ ಅಥವಾ ತುಟಿ ನೀಲಿಯಾಗೇ ಇದ್ದರೆ, ತಲೆಗೆ ಪೆಟ್ಟಾಗಿದ್ದರೆ, ನೀರಿನಲ್ಲಿದ್ದಾಗ ಫಿಟ್ಸ್ ಬಂದರೆ ಆಂಬುಲೆನ್ಸ್ ಬೇಕೇಬೇಕು. ಅರ್ಧ ಗಂಟೆಯಾದರೂ ಮಗು ಎಂದಿನ ಸ್ಥಿತಿಗೆ ಮರಳುವ ಲಕ್ಷಣ ಕಾಣದಿದ್ದರೂ ಹಾಗೆಯೇ. ಅಪಸ್ಮಾರವಿದೆಯೆಂದು ಗೊತ್ತೇ ಇಲ್ಲದ ಮಗುವಿಗೆ ಮೊದಲ ಸಲ ಫಿಟ್ಸ್ ಬಂದರಂತೂ ಅದು ಒಂದೇ ನಿಮಿಷದಲ್ಲಿ ನಿಂತರೂ ಕರೆಯಬೇಕು. ಕರೆಯಲ್ಲಿ ಶಾಲೆಯ ಹೆಸರು, ಹತ್ತಿರದ ಗುರುತು, ಮಗುವಿನ ವಯಸ್ಸು, ಫಿಟ್ಸ್ ಶುರುವಾದ ಸಮಯ ಮತ್ತು ಕೊಟ್ಟ ಔಷಧಿ ತಿಳಿಸಿ, ಒಬ್ಬರು ಗೇಟಿನ ಬಳಿ ನಿಲ್ಲಬೇಕು. ಫಿಟ್ಸ್ ನಿಂತ ಮೇಲೆ ಉಸಿರಾಟವೇ ಇಲ್ಲದಿದ್ದರೆ 108ರವರು ಫೋನಿನಲ್ಲಿ ಹೇಳಿದಂತೆ ಎದೆ ಒತ್ತುವ ಚಿಕಿತ್ಸೆ ಶುರುಮಾಡಬೇಕು.

ಕೆಲವು ಮಕ್ಕಳಿಗೆ ವೈದ್ಯರು ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಬರೆದುಕೊಟ್ಟಿರುತ್ತಾರೆ. ಇದು ಶಾಲೆಯ ಸಾಮಾನ್ಯ ಔಷಧಿಯಲ್ಲ, ಆ ಮಗುವಿಗೆ ಮಾತ್ರ. ಎಷ್ಟನೇ ನಿಮಿಷಕ್ಕೆ, ಎಷ್ಟು ಸಲ ಸಿಂಪಡಿಸಬೇಕು ಎಂಬುದನ್ನು ಮಗುವಿನ ತೂಕಕ್ಕೆ ತಕ್ಕಂತೆ ವೈದ್ಯರೇ ಬರೆದಿರಬೇಕು, ಪೋಷಕರ ಲಿಖಿತ ಒಪ್ಪಿಗೆಯೂ ಇರಬೇಕು. ಔಷಧಿ ಕೊಟ್ಟ ಮೇಲೆ ಮಗು ಮಂಪರಿಗೆ ಜಾರುತ್ತದೆ, ಉಸಿರು ನಿಧಾನವಾಗಬಹುದು. ಆದ್ದರಿಂದ ಎದೆಯ ಏರಿಳಿತದ ಮೇಲೆ ಕಣ್ಣಿಟ್ಟಿರಬೇಕು. ತೂಕ ಹೆಚ್ಚಿದಂತೆ ಪ್ರಮಾಣವೂ ಬದಲಾಗುವುದರಿಂದ ಹಳೆಯ ಸೂಚನೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ಸದ್ದಿಲ್ಲದ ಫಿಟ್ಸ್ ಕೂಡ ಉಂಟು. ಕೆಲವು ಮಕ್ಕಳು ಮಾತಿನ ನಡುವೆ ಹತ್ತಾರು ಸೆಕೆಂಡು ಶೂನ್ಯಕ್ಕೆ ದಿಟ್ಟಿಸಿ, ಮತ್ತೆ ಏನೂ ಆಗದಂತೆ ಬರೆಯತೊಡಗುತ್ತಾರೆ. ದಿನಕ್ಕೆ ಎಷ್ಟೋ ಸಲ ಹೀಗಾಗುವ ಮಗುವಿಗೆ ಗಮನವಿಲ್ಲವೆಂದು ಬೈಗುಳ ಸಿಗುವುದುಂಟು, ಇದು ನಿಲ್ಲಬೇಕು. ಇದಕ್ಕೆ ಪ್ರಥಮ ಚಿಕಿತ್ಸೆ ಬೇಡ. ತಪ್ಪಿದ ಸಾಲನ್ನು ಮತ್ತೆ ಹೇಳಿ, ಪೋಷಕರಿಗೆ ತಿಳಿಸಬೇಕು. ಇನ್ನು ಕೆಲವರು ಅರೆಪ್ರಜ್ಞೆಯಲ್ಲಿ ತುಟಿ ಚಪ್ಪರಿಸುತ್ತ, ಅಂಗಿಯ ಗುಂಡಿ ತಡವುತ್ತ ಎದ್ದು ನಡೆಯಬಹುದು. ಅವರನ್ನು ಹಿಡಿದು ಕೂರಿಸದೆ, ಮೆಟ್ಟಿಲು ಮತ್ತು ರಸ್ತೆಯ ಕಡೆಯಿಂದ ಮೆಲ್ಲಗೆ ತಿರುಗಿಸಬೇಕು. ಇಲ್ಲಿಯೂ ಅದೇ ಐದು ನಿಮಿಷದ ಲೆಕ್ಕ.

ಘಟನೆ ಮುಗಿದ ದಿನವೇ ಶಿಕ್ಷಕರು ನಾಲ್ಕು ಸಾಲು ಬರೆದಿಟ್ಟರೆ ವೈದ್ಯರಿಗೆ ಬಹಳ ನೆರವಾಗುತ್ತದೆ. ಮೊದಲು ಯಾವ ಭಾಗ ಅದುರಿತು, ಕತ್ತು ಯಾವ ಕಡೆ ತಿರುಗಿತು, ಒಟ್ಟು ಎಷ್ಟು ನಿಮಿಷ, ಜ್ವರವಿತ್ತೆ, ಹಿಂದಿನ ರಾತ್ರಿ ನಿದ್ದೆಗೆಟ್ಟಿತ್ತೆ, ಬೆಳಗಿನ ಮಾತ್ರೆ ತಪ್ಪಿತ್ತೆ ಎಂಬುದು ಅದರಲ್ಲಿರಲಿ. ಪೋಷಕರು ಮುಂಚೆಯೇ ಒಪ್ಪಿದ್ದರೆ ಮೊಬೈಲಿನಲ್ಲಿ ತೆಗೆದ ವಿಡಿಯೊ ಇನ್ನೂ ಉಪಯುಕ್ತ, ಆದರೆ ಅದು ಪೋಷಕರಿಗೆ ಮತ್ತು ವೈದ್ಯರಿಗೆ ಮಾತ್ರ ಹೋಗಬೇಕು. ಪ್ರತಿ ಜೂನ್‌ನಲ್ಲಿ ಹೊಸ ತರಗತಿಯ ಶಿಕ್ಷಕರ ಕೈಗೆ ಸೂಚನೆ ಕೊಡುವ ಮೊದಲು ತೂಕ, ಔಷಧಿ ಮತ್ತು ಫೋನ್ ನಂಬರುಗಳನ್ನು ಪೋಷಕರೊಂದಿಗೆ ಕೂತು ಪರಿಶೀಲಿಸಿ, ದಿನಾಂಕ ಹಾಕಬೇಕು.