ಹಬ್ಬುವಾಡದ ಮುರುಗಲ ಸಿರಪ್ ಜಿಲ್ಲಾ ಪುಟಕ್ಕೆ ಹೋಗುವ ದಾರಿ

ಕಾರವಾರದ ಹಬ್ಬುವಾಡದಲ್ಲಿ ಅಕ್ಕ ತಂಗಿ ಇಬ್ಬರು ಸೇರಿ ಮುರುಗಲ ಹಣ್ಣಿನ ಸಿರಪ್ ಮಾಡುವ ಸಣ್ಣ ಘಟಕ ಶುರುಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಪರವಾನಗಿ ಸಿಕ್ಕಿದೆ, ಲೇಬಲ್ ಅಚ್ಚಾಗಿದೆ, ಮೊದಲ ಬ್ಯಾಚಿನ ಬಾಟಲಿಗಳು ಪೆಟ್ಟಿಗೆಯಲ್ಲಿ ಕೂತಿವೆ. ಇನ್ನು ಪೇಪರಿನಲ್ಲಿ ಬರಬೇಕು. ಲೆಟರ್‌ಹೆಡ್ಡಿನ ಮೇಲೆ ಅವರು ಬರೆದ ಪ್ರಕಟಣೆ ಸಾಮಾನ್ಯವಾಗಿ ಹೀಗಿರುತ್ತದೆ: ‘ಗ್ರಾಹಕರ ಆರೋಗ್ಯವನ್ನೇ ಧ್ಯೇಯವಾಗಿಸಿಕೊಂಡ ನಮ್ಮ ಸಂಸ್ಥೆಯು ಜಿಲ್ಲೆಯಲ್ಲೇ ಪ್ರಪ್ರಥಮ ಬಾರಿಗೆ, ಶೇ 100ರಷ್ಟು ನೈಸರ್ಗಿಕವಾದ, ಬೊಜ್ಜು ಕರಗಿಸುವ ಕೋಕಂ ಸಿರಪ್ಪನ್ನು ಗಣ್ಯಾತಿಗಣ್ಯರ ಸಮ್ಮುಖದಲ್ಲಿ ಲೋಕಾರ್ಪಣೆಗೊಳಿಸಿದೆ ಎಂದು ತಿಳಿಸಲು ಹರ್ಷಿಸುತ್ತೇವೆ.’

ಈ ವಾಕ್ಯ ಪತ್ರಿಕೆಯ ಡೆಸ್ಕಿಗೆ ಹೋದರೆ ಉಪಸಂಪಾದಕರಿಗೆ ಉಳಿಯುವುದು ‘ಸಿರಪ್’ ಎಂಬ ಪದ ಒಂದೇ. ಉಳಿದದ್ದರಲ್ಲಿ ಅರ್ಧ ಹೊಗಳಿಕೆ, ಇನ್ನರ್ಧ ಕಾನೂನಿನ ತೊಡಕು. ಹೊಗಳಿಕೆಯನ್ನು ಅವರು ಹೊಡೆದುಹಾಕುತ್ತಾರೆ. ತೊಡಕು ಕಣ್ಣುತಪ್ಪಿ ಅಚ್ಚಾದರೆ ಅದು ಅಕ್ಕತಂಗಿಯರ ಬಾಗಿಲಿಗೇ ಬರುತ್ತದೆ.

ಮೊದಲು ಈ ತೊಡಕಿನ ವಿಷಯವನ್ನೇ ನೋಡೋಣ. ‘ಇದು ಜಾಹೀರಾತಲ್ಲ, ಬರೀ ಪ್ರಕಟಣೆ’ ಎಂಬ ಧೈರ್ಯದಲ್ಲಿ ಬಾಟಲಿಯ ಮೇಲೆ ಬರೆಯಲು ಅಂಜುವ ಮಾತನ್ನೂ ಜನ ಪ್ರೆಸ್ ನೋಟಿನಲ್ಲಿ ಬರೆದುಬಿಡುತ್ತಾರೆ. 2006ರ ಆಹಾರ ಸುರಕ್ಷತಾ ಕಾಯ್ದೆ ಜಾಹೀರಾತಿಗೆ ಕೊಟ್ಟ ವ್ಯಾಖ್ಯೆ ಬಹಳ ಅಗಲವಾದದ್ದು. ಮುದ್ರಣ ಮಾಧ್ಯಮದಲ್ಲಿ ಮಾಡುವ ಪ್ರಚಾರದ ಜೊತೆಗೆ ನೋಟಿಸು, ಸುತ್ತೋಲೆ, ಲೇಬಲ್ಲು, ಬಿಲ್ಲು, ಇತರ ದಾಖಲೆಗಳೂ ಅದರೊಳಗೆ ಬರುತ್ತವೆ. ದಾರಿ ತಪ್ಪಿಸುವ ಜಾಹೀರಾತಿಗೆ ಅದೇ ಕಾಯ್ದೆಯ 53ನೇ ಕಲಂ ಪ್ರಕಾರ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಬೊಜ್ಜು ಕರಗುತ್ತದೆ, ಸಕ್ಕರೆ ಕಾಯಿಲೆಗೆ ಒಳ್ಳೆಯದು, ಬಿ.ಪಿ. ಇಳಿಯುತ್ತದೆ ಎನ್ನುವ ಮಾತುಗಳು ಹಾಗಾಗಿ ಬೇಡವೇ ಬೇಡ. ಅಂದಹಾಗೆ, ಮುರುಗಲ ಸಿರಪ್ಪಿನಲ್ಲಿ ಹಣ್ಣಿಗಿಂತ ಸಕ್ಕರೆಯ ತೂಕವೇ ಹೆಚ್ಚು. ಸಕ್ಕರೆ ಕಾಯಿಲೆಯ ಮಾತೆತ್ತಿದರೆ ಓದುಗರೇ ನಗುತ್ತಾರೆ.

‘ನೈಸರ್ಗಿಕ’ ಎಂಬ ಪದಕ್ಕೂ ಲೆಕ್ಕವಿದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೊರಡಿಸಿದ ಜಾಹೀರಾತು ನಿಯಮಗಳಂತೆ, ಬೇರೇನೂ ಸೇರಿಸದ ಒಂದೇ ಪದಾರ್ಥವನ್ನು ನೈಸರ್ಗಿಕ ಎನ್ನಬಹುದು. ಹಣ್ಣು, ಸಕ್ಕರೆ, ಜೀರಿಗೆ, ಉಪ್ಪು ಬೆರೆತ ಸಿರಪ್ಪನ್ನು ಹಾಗೆ ಕರೆಯುವಂತಿಲ್ಲ. ಹಾಕಿದ್ದೆಲ್ಲವೂ ಆ ನಿಯಮಕ್ಕೆ ಒಪ್ಪುವಂತಿದ್ದರೆ ‘ನೈಸರ್ಗಿಕ ಪದಾರ್ಥಗಳಿಂದ ತಯಾರಿಸಿದ್ದು’ ಎನ್ನಬಹುದು. ಅದಕ್ಕಿಂತ ಸುಲಭದ ದಾರಿ, ಏನೇನು ಹಾಕಿದ್ದೀರೆಂದು ಹೆಸರು ಹಿಡಿದು ಬರೆದುಬಿಡುವುದು.

ಇನ್ನೊಂದು ಎಡವಟ್ಟು ಜಿ.ಐ. ಮಾನ್ಯತೆಯದು. 2023ರಲ್ಲಿ ಅಂಕೋಲೆಯ ಕರಿ ಇಶಾಡ ಮಾವಿಗೆ ಭೌಗೋಳಿಕ ಸೂಚಕ ಸಿಕ್ಕಿತು. ಅದರ ಗುಂಗಿನಲ್ಲಿ ನಮ್ಮೂರಿನ ಯಾವ ಹಣ್ಣಿನ ಮೇಲಾದರೂ ‘ಜಿ.ಐ. ಟ್ಯಾಗ್ ಪಡೆದ’ ಎಂದು ಬರೆಯುವವರಿದ್ದಾರೆ. ಕೋಕಂಗೆ ಇರುವ ಜಿ.ಐ. ಮಹಾರಾಷ್ಟ್ರದ ಸಿಂಧುದುರ್ಗ ಮತ್ತು ರತ್ನಾಗಿರಿ ಹೆಸರಿನಲ್ಲಿದೆ, ಕಾರವಾರದ ಹಣ್ಣಿಗೆ ಅದು ಅನ್ವಯಿಸದು. ಇಶಾಡದ ರಸವನ್ನೇ ಡಬ್ಬಿಗೆ ತುಂಬಿ ಮಾರುವವರೂ ಆ ಹೆಸರನ್ನು ಜಿ.ಐ. ಎಂದು ಬಳಸುವ ಮೊದಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ‘ಜಿಲ್ಲೆಯಲ್ಲೇ ಪ್ರಪ್ರಥಮ’ ಎಂಬುದನ್ನಂತೂ ಡೆಸ್ಕಿನಲ್ಲಿ ಯಾರೂ ನಂಬುವುದಿಲ್ಲ. ಶಿರಸಿ ಕಡೆ ಮುರುಗಲ ಸಿರಪ್ ಮಾಡುವವರು ವರ್ಷಗಳಿಂದ ಇದ್ದಾರೆ, ಮರುದಿನ ಬೆಳಿಗ್ಗೆ ಅವರ ಫೋನು ಬರುವುದು ಪತ್ರಿಕೆಗೇ.

ಹಾಗಾದರೆ ಸುದ್ದಿ ಎಲ್ಲಿದೆ? ಹೊಸ ಬಾಟಲಿ ಬಂದದ್ದು ಮಾಡಿದವರಿಗೆ ದೊಡ್ಡ ವಿಷಯವೇ, ಆದರೆ ಊರಿಗೆ ಅದು ಇನ್ನೊಂದು ಬಾಟಲಿ. ಮುರುಗಲ ಹಣ್ಣು ಬೇಸಿಗೆಯ ಕೊನೆಗೆ ಬರುತ್ತದೆ. ಬಿಸಿಲಿರುವಷ್ಟು ದಿನ ಸಿಪ್ಪೆ ಬಿಡಿಸಿ ಒಣಗಿಸುತ್ತಾರೆ, ಮೀನಿನ ಸಾರಿಗೆ, ಸೋಲ್‌ಕಡಿಗೆ ಅದೇ ಬೇಕು. ಮಳೆ ಹಿಡಿಯಿತೆಂದರೆ ಒಣಗಿಸುವುದು ನಿಲ್ಲುತ್ತದೆ, ಆಮೇಲೆ ಹಣ್ಣಾದದ್ದು ಮರದಡಿಯಲ್ಲೇ ಕೊಳೆಯುತ್ತದೆ. ಸಿರಪ್ಪಿಗೆ ಬಿಸಿಲು ಬೇಕಿಲ್ಲ. ಹಸಿ ಸಿಪ್ಪೆಗೆ ಸಕ್ಕರೆ ಬೆರೆಸಿಟ್ಟರೆ ಕೆಲವು ದಿನದಲ್ಲಿ ರಸ ತಾನೇ ಬಿಟ್ಟುಕೊಳ್ಳುತ್ತದೆ. ಅಂದರೆ ಕೊಳೆಯುವ ಹಣ್ಣಿಗೆ ಹಬ್ಬುವಾಡದಲ್ಲಿ ಒಬ್ಬರು ಗಿರಾಕಿ ಹುಟ್ಟಿಕೊಂಡಿದ್ದಾರೆ. ಹಿತ್ತಲಲ್ಲಿ ನಾಲ್ಕು ಮುರುಗಲ ಮರ ಇರುವ ಅಂಕೋಲೆಯ ಓದುಗ ಓದುವುದು ಇದನ್ನು. ಪ್ರಕಟಣೆ ಇಲ್ಲಿಂದಲೇ ಶುರುವಾಗಬೇಕು. ಹೀಗೆ (ಅಂಕಿಗಳು ಮಾದರಿಗಷ್ಟೇ, ಚುಕ್ಕಿಗಳಿರುವಲ್ಲಿ ನಿಮ್ಮ ಹೆಸರು):

‘ಕಾರವಾರ: ಮಳೆಗಾಲದಲ್ಲಿ ಒಣಗಿಸಲಾಗದೆ ಹಾಳಾಗುವ ಮುರುಗಲ ಹಣ್ಣನ್ನು ಬೆಳೆಗಾರರಿಂದ ಖರೀದಿಸಿ ಸಿರಪ್ ತಯಾರಿಸುವ ಘಟಕವನ್ನು ನಗರದ ಹಬ್ಬುವಾಡದಲ್ಲಿ ….. ಆರಂಭಿಸಿದ್ದು, ಮೊದಲ ಬಾಟಲಿಗಳು ಜೂನ್ 14ರ ಭಾನುವಾರದ ಸಂತೆಯಲ್ಲಿ ಮಾರಾಟಕ್ಕೆ ಬರಲಿವೆ.

‘ಕಾರವಾರ ಮತ್ತು ಅಂಕೋಲಾ ತಾಲ್ಲೂಕಿನ 22 ಬೆಳೆಗಾರರಿಂದ ಈ ಬಾರಿ 9 ಕ್ವಿಂಟಲ್ ಹಣ್ಣು ಖರೀದಿಸಿದ್ದು, ಕೆ.ಜಿ.ಗೆ ₹30 ನೀಡಲಾಗಿದೆ. ಜೂನ್ ಕೊನೆಯವರೆಗೆ ಖರೀದಿ ಮುಂದುವರಿಯಲಿದೆ. ಒಡೆದ ಹಣ್ಣನ್ನು ತೆಗೆದುಕೊಳ್ಳುವುದಿಲ್ಲ ಎಂದು ಘಟಕದ ಮಾಲೀಕರಾದ ….. ತಿಳಿಸಿದ್ದಾರೆ.

‘ಸಿರಪ್ಪಿಗೆ ಹಣ್ಣಿನ ಸಿಪ್ಪೆ, ಸಕ್ಕರೆ, ಜೀರಿಗೆ ಮತ್ತು ಉಪ್ಪು ಬಳಸಲಾಗಿದೆ. 750 ಮಿ.ಲೀ. ಬಾಟಲಿಗೆ ₹190. ಘಟಕದಲ್ಲಿ ಐವರು ಮಹಿಳೆಯರು ಕೆಲಸ ಮಾಡುತ್ತಿದ್ದಾರೆ.’

ಇಷ್ಟೇ ಸಾಕು. ಇದಕ್ಕಿಂತ ಉದ್ದವಾದರೆ ಕತ್ತರಿ ಬೀಳುತ್ತದೆ, ಅದೂ ಕೆಳಗಿನಿಂದ. ಪುಟದಲ್ಲಿ ಜಾಗ ಕಡಿಮೆಯಾದಾಗ ಉಪಸಂಪಾದಕರು ನಡುವಿನ ವಾಕ್ಯ ಹುಡುಕುತ್ತ ಕೂರುವುದಿಲ್ಲ, ಕೊನೆಯ ಪ್ಯಾರಾ ತೆಗೆಯುತ್ತಾರೆ, ಸಾಲದಿದ್ದರೆ ಅದರ ಮೇಲಿನದನ್ನೂ ತೆಗೆಯುತ್ತಾರೆ. ಮೇಲಿನ ಮಾದರಿಯಲ್ಲಿ ಒಂದೇ ಪ್ಯಾರಾ ಉಳಿದರೂ ಏನು, ಯಾರು, ಎಲ್ಲಿ, ಎಂದು ಎಂಬುದು ಕೆಡುವುದಿಲ್ಲ. ಬರೆದಾದ ಮೇಲೆ ಕೊನೆಯ ಪ್ಯಾರಾವನ್ನು ಬೆರಳಿನಿಂದ ಮುಚ್ಚಿ ಓದಿ ನೋಡಿ. ಅರ್ಥ ಕೆಟ್ಟರೆ ಮುಖ್ಯವಾದದ್ದು ಕೆಳಗೆ ಉಳಿದಿದೆ ಎಂದೇ ಲೆಕ್ಕ. ಬೆಲೆಯನ್ನು ಬೇಕೆಂದೇ ಕೊನೆಗಿಟ್ಟದ್ದು. ಮೊದಲ ಸಾಲಿನಲ್ಲೇ ಬೆಲೆ ಬಂದರೆ ಇದನ್ನು ಜಾಹೀರಾತು ವಿಭಾಗಕ್ಕೆ ಕೊಡಿ ಎಂದು ಡೆಸ್ಕಿನವರು ಅಲ್ಲಿಗೇ ಬಿಡುತ್ತಾರೆ. ‘ಒಡೆದ ಹಣ್ಣನ್ನು ತೆಗೆದುಕೊಳ್ಳುವುದಿಲ್ಲ’ ಎಂಬ ಸಾಲು ಮಾಲೀಕರಿಗೆ ಒರಟಾಗಿ ಕಾಣಬಹುದು. ನನಗಂತೂ ಇಡೀ ಪ್ರಕಟಣೆಯಲ್ಲಿ ಅದೇ ಇಷ್ಟ, ಇವರು ನಿಜವಾಗಿ ಹಣ್ಣು ಕೊಳ್ಳುತ್ತಿದ್ದಾರೆ ಎಂದು ನಂಬಿಕೆ ಬರುವುದು ಆ ಸಾಲಿನಿಂದ.

ಗಣ್ಯರ ಪಟ್ಟಿ? ಉದ್ಘಾಟನೆಗೆ ಯಾರಾದರೂ ಬಂದಿದ್ದರೆ ಒಬ್ಬರ ಹೆಸರು ಕೊನೆಗೆ ಸಾಕು. ಉಪಸ್ಥಿತರಿದ್ದವರು, ಸ್ವಾಗತಿಸಿದವರು, ವಂದಿಸಿದವರು ಎಂದು ಎಂಟು ಹೆಸರು ಕೊಟ್ಟರೆ ಅಚ್ಚಾಗುವುದು ಆ ಎಂಟು ಹೆಸರೇ, ಸಿರಪ್ ಅಲ್ಲ.

ಬರೆದದ್ದನ್ನು ಕಳಿಸುವ ಕ್ರಮದಲ್ಲೂ ಸುದ್ದಿ ಸಾಯುವುದುಂಟು. ಲೆಟರ್‌ಹೆಡ್ಡಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿದರೆ ಯಾರೋ ಕೂತು ಮತ್ತೆ ಟೈಪ್ ಮಾಡಬೇಕು, ಬಿಡುವಿಲ್ಲದ ದಿನ ಅದು ಆಗದ ಮಾತು. ಯೂನಿಕೋಡಿನಲ್ಲಿ ಟೈಪ್ ಮಾಡಿ ಸಂದೇಶದೊಳಗೇ ಹಾಕಿ, ಇ–ಮೇಲ್‌ಗೂ ಕಳಿಸಿ. ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲಿ ಮಾಡಿದ ಕಡತ ಮೊಬೈಲಿನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಪರಿವರ್ತಕಕ್ಕೆ ಹಾಕಿದರೆ ಕನ್ನಡ ಮರಳಿ ಬರುತ್ತದೆ ನಿಜ, ಆದರೆ ನಡುವೆ ನೀವು ಇಂಗ್ಲಿಷಿನಲ್ಲೇ ಬರೆದ ಬ್ರಾಂಡ್ ಹೆಸರನ್ನೂ ಅದು ಕನ್ನಡದ ಅಕ್ಷರಗಳೆಂದು ತಿಳಿದು ಕಲಸಿಹಾಕುತ್ತದೆ. ಬ್ರಾಂಡ್ ಹೆಸರನ್ನೂ ಕನ್ನಡ ಲಿಪಿಯಲ್ಲೇ ಬರೆಯಬೇಕೆನ್ನುವುದು ಭಾಷಾಭಿಮಾನದ ಮಾತಲ್ಲ, ಹೆಸರು ಉಳಿಯಲೆಂದು.

ಫೋಟೊ ಅಡ್ಡಲಾಗಿರಲಿ. ಬಿಳಿ ಹಿನ್ನೆಲೆಯ ಬಾಟಲಿ ಚಿತ್ರ ಜಾಹೀರಾತಿನಂತೆ ಕಾಣುವುದರಿಂದ ಪುಟಕ್ಕೆ ಹೋಗದು. ಹಣ್ಣು ಬಿಡಿಸುತ್ತಿರುವ ಕೈಗಳು, ಕೆಂಪಾದ ಪಾತ್ರೆ, ಮಾಡುವವರ ಮುಖ ಇದ್ದರೆ ಹೋಗುತ್ತದೆ. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸುವುದರಿಂದ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಎಡದಿಂದ ಯಾರು ಯಾರು ಎಂದು ಅಡಿಬರಹ ಕೊಡಿ. ಮಾಲೀಕರ ಮೊಬೈಲ್ ಸಂಖ್ಯೆ ಮತ್ತು ಪರವಾನಗಿಯ 14 ಅಂಕಿಗಳ ಸಂಖ್ಯೆಯನ್ನು ಕೆಳಗೆ ಗೆರೆ ಎಳೆದು ‘ಪ್ರಕಟಣೆಗಲ್ಲ, ಪರಿಶೀಲನೆಗೆ’ ಎಂದು ಬೇರೆ ಬರೆಯಿರಿ. ಆಹಾರದ ವಿಷಯದಲ್ಲಿ ವರದಿಗಾರರು ಮೊದಲು ಕೇಳುವುದು ಅದನ್ನೇ.

ಯಾರಿಗೆ ಕಳಿಸಬೇಕೆಂಬುದು ಪತ್ರಿಕೆಗೆ ತಕ್ಕಂತೆ. ‘ಕರಾವಳಿ ಮುಂಜಾವು’ವಿನಂಥ ಜಿಲ್ಲೆಯ ಪತ್ರಿಕೆಗೆ ನೇರವಾಗಿ ಕಚೇರಿಗೇ ಕೊಡಬಹುದು. ರಾಜ್ಯಮಟ್ಟದ ದೊಡ್ಡ ಪತ್ರಿಕೆಗಳ ಉತ್ತರ ಕನ್ನಡದ ಪುಟ ಸಾಮಾನ್ಯವಾಗಿ ಹುಬ್ಬಳ್ಳಿಯಲ್ಲಿ ಸಿದ್ಧವಾಗುತ್ತದೆ, ಅಲ್ಲಿಗೆ ನೇರ ಕಳಿಸಿದ್ದು ರಾಶಿಯಲ್ಲಿ ಮುಳುಗೀತು. ಕಾರವಾರದಲ್ಲಿರುವ ಅವರ ವರದಿಗಾರರ ಮೂಲಕ ಹೋಗುವುದೇ ಸರಿ. ಅಂಕೋಲೆಯ ಬೆಳೆಗಾರರ ವಿಷಯವಿರುವುದರಿಂದ ಅಂಕೋಲೆಯ ವರದಿಗಾರರಿಗೂ ಒಂದು ಪ್ರತಿ ಹೋಗಲಿ, ಹಾಗೆ ಕಳಿಸಿದ್ದನ್ನು ಇಬ್ಬರಿಗೂ ಹೇಳಿ. ಇಲ್ಲದಿದ್ದರೆ ಒಂದೇ ಸುದ್ದಿ ಎರಡು ಕಡೆ ಬಂದು ಇಬ್ಬರಿಗೂ ಮುಜುಗರ. ಸಿರಪ್ಪಿನಂಥ ಸುದ್ದಿಗೆ ಪತ್ರಿಕಾ ಭವನದಲ್ಲಿ ಗೋಷ್ಠಿ ಕರೆಯುವುದು ದುಂದು. ಬಾಟಲಿ ಒಡ್ಡಿದರೆ ರುಚಿ ನೋಡುತ್ತಾರೆ, ಪ್ರಶ್ನೆ ಕೇಳಲು ಅಲ್ಲೇನೂ ಇರುವುದಿಲ್ಲ. ಸಂತೆಗೆ ಮೂರು ನಾಲ್ಕು ದಿನ ಮುಂಚೆ, ಮಧ್ಯಾಹ್ನದೊಳಗೆ ಕಳಿಸಿ. ಸಂಜೆ ಪುಟ ಕಟ್ಟುವ ಹೊತ್ತಿನಲ್ಲಿ ‘ಬರ್ತದಾ ಸರ್?’ ಎಂದು ಫೋನು ಮಾಡಬೇಡಿ.

‘ಜಾಹೀರಾತು ಕೊಟ್ಟರೆ ಸುದ್ದಿ ಹಾಕುತ್ತೇವೆ’ ಎಂಬ ಉತ್ತರವೂ ಬರಬಹುದು. ಜಾಹೀರಾತು ಕೊಡುವುದು ನಿಮ್ಮಿಷ್ಟ, ಆದರೆ ಅಳತೆ, ದರ, ದಿನಾಂಕ ಬರೆದ ರಸೀದಿ ಕೇಳಿ ಪಡೆಯಿರಿ. ಹಣ ಕೊಟ್ಟದ್ದು ಸುದ್ದಿಯ ವೇಷದಲ್ಲಿ ಬರುವುದು ಬೇಡ ಎಂದೂ ಹೇಳಿ. ಪತ್ರಿಕಾ ಮಂಡಳಿಯ ನಿಯಮವೂ ಅದೇ: ಜಾಹೀರಾತು ಜಾಹೀರಾತೆಂದು ಗೊತ್ತಾಗುವಂತಿರಬೇಕು.

ಅಚ್ಚಾದ ದಿನ ಮೊದಲು ನೋಡಬೇಕಾದದ್ದು ಅಂಕಿಗಳನ್ನು. ₹30 ಎಂಬುದು ₹80 ಆಗಿದ್ದರೆ ಮರುದಿನವೇ ಬೆಳೆಗಾರರು ಬುಟ್ಟಿ ಹೊತ್ತು ಬಾಗಿಲಿಗೆ ಬರುತ್ತಾರೆ. ಸಾಮಾಜಿಕ ಜಾಲತಾಣದಲ್ಲಿ ಸ್ಪಷ್ಟನೆ ಹಾಕುತ್ತ ಕೂರಬೇಡಿ. ಪತ್ರಿಕೆಯ ದಿನಾಂಕ, ಪುಟ ಸಂಖ್ಯೆ, ಅಚ್ಚಾದ ಸಾಲು, ಸರಿಯಾದ ಸಾಲು, ಈ ನಾಲ್ಕನ್ನೇ ಬರೆದು, ನೀವು ಕಳಿಸಿದ ಮೂಲ ಪ್ರಕಟಣೆ ಲಗತ್ತಿಸಿ, ಅದೇ ದಿನ ಮಧ್ಯಾಹ್ನದೊಳಗೆ ಸಂಪಾದಕರಿಗೆ ಕಳಿಸಿ, ವರದಿಗಾರರಿಗೂ ತಿಳಿಸಿ. ತಿದ್ದುಪಡಿ ಬರುವವರೆಗೆ ಖರೀದಿಯ ಬಾಗಿಲಲ್ಲಿ ಸರಿಯಾದ ದರದ ಬೋರ್ಡು ತೂಗಿರಲಿ.