ರಾತ್ರಿ ಹತ್ತರ ಮೇಲೆ ಲಾಡ್ಜಿಗೆ ಫೋನ್ ಮಾಡಿದರೆ

ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದರ ಬಸ್ಸು ಹತ್ತಿದವರು ಮಡಿಕೇರಿಯಲ್ಲಿ ಇಳಿಯುವಾಗ ಇನ್ನೂ ಬೆಳಕು ಹರಿದಿರುವುದಿಲ್ಲ. ಸೀಟು ಹಿಡಿದು ಕೂತ ಮೇಲೆ ಅವರಿಗೆ ಒಂದು ಚಿಂತೆ ಹತ್ತುತ್ತದೆ: ಅಷ್ಟು ಹೊತ್ತಿಗೆ ಹೋದರೆ ಲಾಡ್ಜಿನ ಗೇಟು ತೆಗೆಯುವವರು ಯಾರು? ಫೋನ್ ಹಚ್ಚುತ್ತಾರೆ. ಎಂಟು ಕೋಣೆಯ ಲಾಡ್ಜಿನಲ್ಲಿ ರಾತ್ರಿಯಿಡೀ ಕೌಂಟರಿನಲ್ಲಿ ಕೂರುವವರು ಇರುವುದಿಲ್ಲ. ಮ್ಯಾನೇಜರ್ ಮನೆಗೆ ಹೋಗಿರುತ್ತಾರೆ, ವಾಚ್‌ಮನ್ ಗೇಟಿನ ಪಕ್ಕದ ಕೋಣೆಯಲ್ಲಿ ಮಲಗಿರುತ್ತಾನೆ. ಉತ್ತರ ಕೊಡುವುದು ರೆಕಾರ್ಡಿಂಗ್.

ಆಫೀಸು ಮುಚ್ಚಿದೆ, ತುರ್ತಿದ್ದರೆ ಈ ನಂಬರು, ಉಳಿದವರಿಗೆ ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇವೆ ಎಂದಷ್ಟೇ ಅದು ಹೇಳಿದರೆ ಬಸ್ಸಿನಲ್ಲಿರುವವರಿಗೆ ಏನೂ ಸಿಗಲಿಲ್ಲ. ಅವರದು ತುರ್ತಲ್ಲ, ಆದರೆ ಬೆಳಗಿನವರೆಗೆ ಕಾಯುವಂಥದ್ದೂ ಅಲ್ಲ. ಸಂಕೋಚದವರು ಸುಮ್ಮನಾಗಿ ಚಳಿಯಲ್ಲಿ ಗೇಟಿನ ಮುಂದೆ ನಿಲ್ಲುತ್ತಾರೆ. ಉಳಿದವರು ತುರ್ತು ನಂಬರಿಗೇ ಫೋನ್ ಮಾಡುತ್ತಾರೆ. ವಾರಕ್ಕೆ ನಾಲ್ಕು ಸಲ ಹೀಗೆ ನಿದ್ದೆ ಕೆಟ್ಟವರು ಕೊನೆಗೆ ಆ ಫೋನನ್ನು ಸೈಲೆಂಟಿಗೆ ಹಾಕಿ ಮಲಗುತ್ತಾರೆ. ನಿಜವಾದ ಅಪಾಯ ಇರುವುದು ಇಲ್ಲಿ.

ಹಾಗಾಗಿ ಅಂಥ ಲಾಡ್ಜಿನ ರೆಕಾರ್ಡಿಂಗ್ ಸುಮಾರು ಹೀಗಿರಬೇಕು:

“ನಮಸ್ಕಾರ, ಇದು ಮಡಿಕೇರಿಯ ಇಂಥ ಲಾಡ್ಜ್. ಪ್ರಾಣಾಪಾಯವಿದ್ದರೆ 112ಕ್ಕೆ ಫೋನ್ ಮಾಡಿ. ಲಾಡ್ಜಿನಲ್ಲಿ ಉಳಿದುಕೊಂಡವರಿಗೆ ಬೇರೆ ತುರ್ತು ತೊಂದರೆ ಇದ್ದರೆ ಈ ನಂಬರಿಗೆ ಮಾಡಿ. ಈ ರಾತ್ರಿ ಅಥವಾ ನಸುಕಿನಲ್ಲಿ ಬರುವವರು ಗೇಟಿನ ಬಲಗಡೆಯ ಬೆಲ್ ಒತ್ತಿ, ವಾಚ್‌ಮನ್ ಬಾಗಿಲು ತೆಗೆಯುತ್ತಾರೆ. ಬುಕಿಂಗ್ ಬೇಕಾದವರು ಬೀಪ್ ಆದ ಮೇಲೆ ಹೆಸರು, ನಂಬರು, ಬರುವ ತಾರೀಕು ಹೇಳಿ. ಬೆಳಗಾದ ಮೇಲೆ 8ರಿಂದ 10 ಗಂಟೆಯೊಳಗೆ ಇದೇ ನಂಬರಿನಿಂದ ಫೋನ್ ಮಾಡುತ್ತೇವೆ.”

ತುರ್ತಿನ ಮಾತು ಮೊದಲೇ ಬಂದಿರುವುದಕ್ಕೆ ಕಾರಣವಿದೆ. ಬಾತ್‌ರೂಮಿನಲ್ಲಿ ಬಿದ್ದವರ ಪಕ್ಕದಲ್ಲಿ ನಿಂತು ಫೋನ್ ಮಾಡುವವರು ಸ್ವಾಗತದ ಮಾತು, ಸಂಗೀತ ಮುಗಿಯುವವರೆಗೆ ಕಾಯುವುದಿಲ್ಲ. 112ಕ್ಕೆ ಮಾಡಿದರೆ ಪೊಲೀಸು, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ದಾರಿ ಸಿಗುತ್ತದೆ. ಕರ್ನಾಟಕದಲ್ಲಿ ಆಂಬುಲೆನ್ಸಿಗೆಂದೇ 2008ರಿಂದ 108 ಇದೆ. ಲಾಡ್ಜಿನ ಸ್ವಂತ ನಂಬರು ಕಳೆದುಹೋದ ಕೀ, ಒಡೆದ ನಲ್ಲಿ, ಹೊಗೆಯ ವಾಸನೆ ಇಂಥವಕ್ಕೆ. ಅದನ್ನು ಐದೈದು ಅಂಕಿಯಾಗಿ ಒಡೆದು, ನಡುವೆ ಉಸಿರು ತೆಗೆದುಕೊಂಡು, ಎರಡು ಸಲ ಹೇಳಬೇಕು. “ಡಬಲ್”, “ಟ್ರಿಪಲ್” ಎನ್ನದೆ ಒಂದೊಂದೇ ಅಂಕಿ ಹೇಳುವುದು ಒಳ್ಳೆಯದು, ಕತ್ತಲಲ್ಲಿ ಬರೆದುಕೊಳ್ಳುವವರಿಗೆ ತಪ್ಪುವುದಿಲ್ಲ. ಕನ್ನಡ ಬಾರದ ಅತಿಥಿಗಳಿಗಾಗಿ ಇಂಗ್ಲಿಷಿನಲ್ಲೂ ಹೇಳುವುದಾದರೆ ತುರ್ತಿನ ಭಾಗವನ್ನು ಎರಡೂ ಭಾಷೆಯಲ್ಲಿ ಮುಗಿಸಿ ಆಮೇಲೆ ಮುಂದಕ್ಕೆ ಹೋಗಬೇಕು. ಪೂರ್ತಿ ಕನ್ನಡ ಮುಗಿಯುವಷ್ಟರಲ್ಲಿ ಅವರು ಫೋನ್ ಇಟ್ಟಿರುತ್ತಾರೆ. ಇದೇ ನಂಬರು ಕೋಣೆಯ ಬಾಗಿಲ ಹಿಂದೆ, ಕೀ ಗೊಂಚಲಿನ ಬಿಲ್ಲೆಯ ಮೇಲೆ ಇದ್ದರೆ ಒಳಗಿರುವವರು ರೆಕಾರ್ಡಿಂಗ್ ಕೇಳುವ ಪ್ರಮೇಯವೇ ಬರದು.

ಇನ್ನು ಬೆಳಗಿನ ಮಾತು. ರಾತ್ರಿ ಒಂದು ಗಂಟೆಗೆ ಫೋನ್ ಮಾಡಿದವರಿಗೆ “ನಾಳೆ ಬೆಳಿಗ್ಗೆ” ಎಂದರೆ ಯಾವ ಬೆಳಿಗ್ಗೆ? “ಬೆಳಗಾದ ಮೇಲೆ” ಎಂದರೆ ಗೊಂದಲವಿಲ್ಲ. ಗಂಟೆಯನ್ನು ಹೇಳಿದ ಮೇಲೆ ಉಳಿಸಿಕೊಳ್ಳಲೂ ಬೇಕು. ಮ್ಯಾನೇಜರ್ ಬರುವುದೇ ಒಂಬತ್ತೂವರೆಗೆ, ಬಂದ ಕೂಡಲೇ ಚೆಕ್‌ಔಟ್ ಗಲಾಟೆ ಎಂದಾದರೆ 11 ಗಂಟೆಯೊಳಗೆ ಎಂದೇ ಹೇಳುವುದು ನ್ಯಾಯ. ಫೋನ್ ಮಾಡುವಾಗ ಮ್ಯಾನೇಜರ್ ಸ್ವಂತ ಮೊಬೈಲ್ ಎತ್ತಿಕೊಂಡರೆ ಅರ್ಧ ಜನ ಗುರುತಿಲ್ಲದ ನಂಬರೆಂದು ಕಟ್ ಮಾಡುತ್ತಾರೆ. “ಇದೇ ನಂಬರಿನಿಂದ” ಎಂಬ ಮಾತು ರೆಕಾರ್ಡಿಂಗಿನಲ್ಲಿರುವುದು ಅದಕ್ಕೇ. ಬೀಪ್ ಕೇಳಿ ಏನೂ ಹೇಳದೆ ಇಟ್ಟವರ ಮಿಸ್ಡ್ ಕಾಲ್‌ಗಳನ್ನೂ ರಿಜಿಸ್ಟರಿನಲ್ಲಿ ಬರೆದುಕೊಂಡು ಅವರಿಗೂ ಮಾಡಬೇಕು. ಯಂತ್ರದೊಂದಿಗೆ ಮಾತಾಡಲು ಎಷ್ಟೋ ಜನಕ್ಕೆ ಬಾಯಿ ಬರುವುದಿಲ್ಲ, ಅವರಿಗೂ ಕೋಣೆ ಬೇಕಾಗಿರುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಮಳೆಗಾಲದ ಮಡಿಕೇರಿಯಲ್ಲಿ ಕರೆಂಟು ಕೈಕೊಡುತ್ತದೆ. ಹಳೆಯ ತಾಮ್ರದ ತಂತಿಯ ಲ್ಯಾಂಡ್‌ಲೈನಿಗೆ ವಿದ್ಯುತ್ ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಊರು ಕತ್ತಲಾದರೂ ಫೋನ್ ನಡೆಯುತ್ತಿತ್ತು. ಈಗಿನ ಫೈಬರ್ ಲೈನಿನಲ್ಲಿ ಹಾಗಿಲ್ಲ. ಗೋಡೆಯ ಮೇಲಿನ ಮೋಡೆಮ್ ಆರಿದರೆ ಫೋನೂ ಸತ್ತಂತೆ, ಕೌಂಟರಿನ ಯಂತ್ರದಲ್ಲಿಟ್ಟ ರೆಕಾರ್ಡಿಂಗೂ ಸತ್ತಂತೆ. ಮೋಡೆಮ್ಮನ್ನೂ ಯಂತ್ರವನ್ನೂ ಯುಪಿಎಸ್‌ಗೆ ಸಿಕ್ಕಿಸುವುದು ಒಂದು ದಾರಿ. ರೆಕಾರ್ಡಿಂಗನ್ನು ಫೋನ್ ಸೇವೆ ಕೊಡುವ ಕಂಪನಿಯ ಕಡೆಯಲ್ಲೇ ಇಡಿಸುವುದು ಇನ್ನೊಂದು.

ಯಾವುದನ್ನು ಮಾಡಿದರೂ ಜೂನ್ ಮಳೆ ಹಿಡಿಯುವ ಮೊದಲು ಒಂದು ರಾತ್ರಿ ಮೇನ್ ಸ್ವಿಚ್ ಆರಿಸಿ, ರಸ್ತೆಯಲ್ಲಿ ನಿಂತು ಬೇರೆ ಮೊಬೈಲಿನಿಂದ ಲಾಡ್ಜಿಗೆ ಫೋನ್ ಮಾಡಿ ನೋಡಬೇಕು. ರೆಕಾರ್ಡಿಂಗ್ ಕೇಳಿಸಿತೇ, ಅದು ಹೇಳಿದ ನಂಬರಿಗೆ ಮಾಡಿದಾಗ ಯಾರಾದರೂ ಎದ್ದು ಎತ್ತಿದರೇ, ಗೇಟಿನ ಬೆಲ್ಲು ಕರೆಂಟಿಲ್ಲದೆ ಬಾರಿಸಿತೇ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.