ನಾಲ್ಕು ನಕ್ಷತ್ರಗಳ ನಡುವೆ ಕಳೆದುಹೋದ ₹800

ಗೃಹೋಪಯೋಗಿ ವಸ್ತುಗಳ ಅಂಗಡಿಯೊಂದರ ಕರಪತ್ರ ತಿದ್ದಲು ನನ್ನ ಡಿಟಿಪಿ ಮೇಜಿಗೆ ಬಂತು. ಎ5 ಅಳತೆ, ಅಂಚೆಯಲ್ಲಿ ಮನೆಮನೆಗೆ ಹೋಗುವಂಥದ್ದು. ಮೇಲೆ ಕಮಾನಿನಂತೆ ಬಾಗಿದ 'ಗ್ರಾಹಕ ಬಂಧುಗಳಿಗೆ ದಸರಾ ಹಬ್ಬದ ಹಾರ್ದಿಕ ಶುಭಾಶಯಗಳು', ಅದರ ಕೆಳಗೆ 'ಬಂಪರ್ ಧಮಾಕಾ'. ಹಳೆ ಮಿಕ್ಸಿ ಕೊಟ್ಟರೆ ಹೊಸದರಲ್ಲಿ ₹800 ಕಡಿತ ಎಂಬ ಅಸಲು ವಿಷಯ ಬಲಮೂಲೆಯ ಹಳದಿ ನಕ್ಷತ್ರದೊಳಗೆ ಕೂತಿತ್ತು.

ತಪ್ಪು ಕಲ್ಪನೆ: ನಕ್ಷತ್ರದೊಳಗೆ ಹಾಕಿದರೆ ಆಫರ್ ಎದ್ದು ಕಾಣುತ್ತದೆ.
ಸತ್ಯ: ಆ ಹಾಳೆಯಲ್ಲಿ ಅಂಥ ನಕ್ಷತ್ರ ನಾಲ್ಕಿದ್ದವು. ಕಣ್ಣು ಹಿಡಿಯುವುದು ಉಳಿದವುಗಳಂತೆ ಇಲ್ಲದ್ದನ್ನು. ಸಾಲದ್ದಕ್ಕೆ, ನಕ್ಷತ್ರದ ಮೊನೆಗಳು ಜಾಗ ನುಂಗಿ ಅಕ್ಷರಕ್ಕೆ ಉಳಿದದ್ದು 12 ಪಾಯಿಂಟ್, ಶುಭಾಶಯಕ್ಕೆ 36!

ತಪ್ಪು ಕಲ್ಪನೆ: ಕಾಣದಿದ್ದರೆ ದಪ್ಪ ಔಟ್‌ಲೈನ್, ನೆರಳು ಕೊಟ್ಟರಾಯಿತು.
ಸತ್ಯ: ಕನ್ನಡದ ಅಕ್ಷರಗಳು ದುಂಡಗಿವೆ. ಔಟ್‌ಲೈನ್ ಅವುಗಳ ಹೊಟ್ಟೆಯನ್ನೇ ಮುಚ್ಚಿಬಿಡುತ್ತದೆ. ನೆರಳು ಕೊಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಂತೆ ಕ್ಯಾಪಿಟಲ್ ಅಕ್ಷರಗಳ ಅನುಕೂಲವೂ ನಮಗಿಲ್ಲ. ಹಾಗಾಗಿ ನಾನು ಮೊದಲು ಮಾಡಿದ್ದು ಆಫರನ್ನು ಹಿಗ್ಗಿಸುವುದಲ್ಲ, ಮಿಕ್ಕಿದ್ದನ್ನು ಕುಗ್ಗಿಸುವುದು. ನಾಲ್ಕೂ ನಕ್ಷತ್ರ, ಧಮಾಕಾ ಎಲ್ಲವೂ ಹೋದವು. ಖಾಲಿಯಾದ ಜಾಗದ ನಡುವೆ ₹800 ಒಂದೇ 90 ಪಾಯಿಂಟಿನಲ್ಲಿ ನಿಂತಿತು.

ತಪ್ಪು ಕಲ್ಪನೆ: ವಿನ್ಯಾಸ ಸರಿಯಾದರೆ ಸಾಕು, ಮಾತು ಹೇಗಿದ್ದರೂ ನಡೆಯುತ್ತದೆ.
ಸತ್ಯ: ಮೂಲ ವಾಕ್ಯ ಹೀಗಿತ್ತು: 'ದಸರಾ ಪ್ರಯುಕ್ತ ವಿಶೇಷ ವಿನಿಮಯ ಯೋಜನೆಯಡಿ ಆಯ್ದ ಮಿಕ್ಸಿಗಳ ಖರೀದಿಯ ಮೇಲೆ ₹800 ರಿಯಾಯಿತಿ.' ನಮ್ಮ ಭಾಷೆಯಲ್ಲಿ ಮುಖ್ಯವಾದದ್ದು ವಾಕ್ಯದ ಕೊನೆಗೆ ಬಂದು ಕೂರುವುದು ಸಹಜ. ಕರಪತ್ರ ಹಿಡಿದವರು ಅಲ್ಲಿಯವರೆಗೆ ಕಾಯುವುದಿಲ್ಲ. ಒಡೆದು ಬರೆದೆ: 'ನಿಮ್ಮ ಹಳೆ ಮಿಕ್ಸಿಗೆ ₹800.' ಅದರಡಿ 20 ಪಾಯಿಂಟಿನಲ್ಲಿ, '₹3,500 ಮೇಲ್ಪಟ್ಟ ಹೊಸ ಮಿಕ್ಸಿ ಕೊಂಡರೆ.' ಷರತ್ತನ್ನು ಚುಕ್ಕಿ ಗುರುತು ಹಾಕಿ ಕೆಳಗೆ ಬಚ್ಚಿಟ್ಟರೆ ಜಗಳ ಕೌಂಟರಿಗೆ ಬರುತ್ತದೆ. ಕೊನೆಯ ದಿನಾಂಕ, ಅಂಗಡಿಯ ಹೆಸರು, ಗುರುತಿನ ಸ್ಥಳ 14ರಲ್ಲಿ, ಉಳಿದದ್ದೆಲ್ಲ 10.

ಮಾಲೀಕರು ಒಪ್ಪದಿದ್ದದ್ದು ಒಂದೇ. "ಶುಭಾಶಯ ಮೇಲೇ ಇರ್ಬೇಕು ಸಾರ್." ಇರಲಿ. ಮೇಲಿರುವುದೇ ಬೇರೆ, ದೊಡ್ಡದಾಗಿರುವುದೇ ಬೇರೆ. ಮೇಲೆಯೇ ಬಿಟ್ಟೆ, 10 ಪಾಯಿಂಟಿನ ಒಂದೇ ನೇರ ಸಾಲಾಗಿ.

ಪಕ್ಕದ ಟೈಲರ್‌ಗೆ ಹಳೆಯ ಹಾಳೆಯನ್ನು ಮೂರು ಸೆಕೆಂಡ್ ತೋರಿಸಿ ಮಡಚಿದೆ. "ದಸರಾದ್ದೇನೋ," ಎಂದರು. ಹೊಸದನ್ನು ತೋರಿಸಿದಾಗ, "ಮಿಕ್ಸಿಗೆ ಎಂಟ್ನೂರು. ಕೆಟ್ಟೋಗಿದ್ರೂ ತಗೋತಾರಾ?"

ಮಾಲೀಕರಿಗೆ ಫೋನ್ ಮಾಡಿದೆ. ತಗೊಳ್ಳುತ್ತಾರಂತೆ. ಷರತ್ತಿನ ಸಾಲಿನ ಪಕ್ಕದಲ್ಲೇ 'ಕೆಟ್ಟಿದ್ದರೂ ಸರಿ' ಎಂದು ಸೇರಿಸಿ ಪ್ಲೇಟಿಗೆ ಕಳಿಸಿದೆ.